ಬುಟ್ಟಿ ಹಳೇದು, ಬರೆ ಹೊಸದು

ಪ್ರತಿ ತಿಂಗಳು 12ನೇ ತಾರೀಖಿನ ಆಸುಪಾಸು ದಿಲ್ಲಿಯಿಂದ ಒಂದು ಸಂಖ್ಯೆ ಹೊರಬೀಳುತ್ತೆ. ಚಿಲ್ಲರೆ ಹಣದುಬ್ಬರ ಇಷ್ಟು ಪರ್ಸೆಂಟ್ ಅಂತ. ಅದು ಬಂದ ಹತ್ತು ನಿಮಿಷಕ್ಕೆ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಗು ಶುರು. "ಐದು ಪರ್ಸೆಂಟಂತೆ! ಯಾವ ಊರಲ್ಲಿ ಮಗಾ? ನಮ್ಮ ಲೇಔಟಿಗೆ ಆ ಊರಿನ ಬಸ್ಸಿದ್ಯಾ?" ಇನ್ನೊಬ್ಬರು ಮಗುವಿನ ಸ್ಕೂಲ್ ಫೀಸಿನ ರಸೀದಿ ಹಾಕ್ತಾರೆ, ಮತ್ತೊಬ್ಬರು ಹೊಸ ಬಾಡಿಗೆ ಕರಾರು. ಕೊನೆಗೆ ಎಲ್ಲರೂ ಸೇರಿ ಒಮ್ಮತದ ತೀರ್ಪು ಕೊಡ್ತಾರೆ: ಸರ್ಕಾರ ಹಣದುಬ್ಬರ ಮುಚ್ಚಿಡ್ತಿದೆ.

ನನ್ನ ತಕರಾರು ಇದರ ಉಲ್ಟಾ. ನಾವು ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ 2012ರ ಆಧಾರದ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ, ಮುಖ್ಯವಾದ ಹಲವು ತಿಂಗಳುಗಳಲ್ಲಿ ಬದುಕಿನ ವೆಚ್ಚವನ್ನು ಇದ್ದದ್ದಕ್ಕಿಂತ ಜಾಸ್ತಿ ತೋರಿಸಿದೆ. ಪಿತೂರಿಯಿಂದ ಅಲ್ಲ, ಅದನ್ನು ಕಟ್ಟಿರುವ ರೀತಿಯಿಂದ. ಆ ಜಾಸ್ತಿ ತೋರಿಸಿದ್ದಕ್ಕೆ ಬೆಲೆ ತೆತ್ತವರು ಇಬ್ಬರು: ಮನೆ ಸಾಲದ ಕಂತು ಕಟ್ಟುವ ನೀವು, ಮತ್ತು ಬೆಳೆ ಬೆಳೆಯುವ ನಮ್ಮೂರಿನವರು. ಇಬ್ಬರೂ ಬೈಯುತ್ತಿರುವುದು ಮಾತ್ರ ತಪ್ಪು ಕಾರಣಕ್ಕೆ.

ಮೊದಲು ಬುಟ್ಟಿ ಹೇಗೆ ಕಟ್ತಾರೆ ನೋಡೋಣ. ಯಾರೋ ಅಧಿಕಾರಿ ಕೂತು "ಅಕ್ಕಿಗೆ ಇಷ್ಟು, ಸೋಪಿಗೆ ಇಷ್ಟು" ಅಂತ ಬರೆಯೋದಿಲ್ಲ. ದೇಶದಾದ್ಯಂತ ಕುಟುಂಬಗಳ ಖರ್ಚಿನ ಸಮೀಕ್ಷೆ ನಡೆಯುತ್ತೆ. ಮನೆಮನೆಗೆ ಹೋಗಿ, ಅಕ್ಕಿ ಎಷ್ಟು ತಂದ್ರಿ, ಹಾಲಿಗೆ ಎಷ್ಟು, ಬಸ್ಸಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು ಅಂತ ಕೇಳಿ ಬರ್ಕೋತಾರೆ. ಎಲ್ಲ ಮನೆಗಳ ಖರ್ಚನ್ನು ಕೂಡಿಸಿ ಅದನ್ನು ನೂರು ರೂಪಾಯಿ ಅಂತ ಇಟ್ಟುಕೊಂಡರೆ, ಅದರಲ್ಲಿ ಯಾವ ವಸ್ತುವಿಗೆ ಎಷ್ಟು ಹೋಯ್ತೋ ಅದೇ ಆ ವಸ್ತುವಿನ ತೂಕ. 2012ರ ಸರಣಿಗೆ ಬಳಸಿದ್ದು 2011-12ರ ಸಮೀಕ್ಷೆ. ಅದರ ಪ್ರಕಾರ ನೂರು ರೂಪಾಯಿಯಲ್ಲಿ ಊಟ ಮತ್ತು ಪಾನೀಯಕ್ಕೆ 45 ರೂಪಾಯಿ 86 ಪೈಸೆ. ಹಳ್ಳಿಯನ್ನು ಮಾತ್ರ ನೋಡಿದರೆ 54 ರೂಪಾಯಿ, ನಗರದಲ್ಲಿ 36. ಟೊಮೆಟೊ ಒಂದಕ್ಕೇ 57 ಪೈಸೆ.

ಇಲ್ಲೊಂದು ಸೂಕ್ಷ್ಮ ಇದೆ. ಕೂಡಿಸುವುದು ಜನರನ್ನಲ್ಲ, ರೂಪಾಯಿಗಳನ್ನು. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡುವ ಮನೆಗೆ, ಹತ್ತು ಸಾವಿರ ಖರ್ಚು ಮಾಡುವ ಮನೆಗಿಂತ ಹತ್ತು ಪಟ್ಟು ಮಾತು. ಹಾಗಾಗಿ ಈ ಬುಟ್ಟಿ ನಿಮ್ಮದೂ ಅಲ್ಲ, ನಮ್ಮಮ್ಮನದೂ ಅಲ್ಲ. ಯಾವ ಮನೆಯಲ್ಲೂ ಇಲ್ಲದ ಒಂದು ಸರಾಸರಿ ಬುಟ್ಟಿ ಅದು.

ತೂಕ ಗೊತ್ತಾದ ಮೇಲೆ ಬೆಲೆ. ಈ ಸರಣಿಯಲ್ಲಿ 1,181 ಹಳ್ಳಿಗಳಿಂದ, 310 ಊರುಗಳ 1,114 ಮಾರುಕಟ್ಟೆಗಳಿಂದ ಬೆಲೆ ತರ್ತಿದ್ರು. ಅದೇ ಅಂಗಡಿ, ಅದೇ ಅಳತೆ, ಅದೇ ತರಹದ ಮಾಲು, ತಿಂಗಳು ತಿಂಗಳು. ಬೆಲೆ ಎಷ್ಟು ಪಟ್ಟು ಆಯ್ತು ಅಂತ ನೋಡಿ, ಅದನ್ನು ತೂಕದಿಂದ ಗುಣಿಸಿ, ಎಲ್ಲ ಕೂಡಿಸಿದರೆ ಸೂಚ್ಯಂಕ. ಲೆಕ್ಕ ಇಷ್ಟೇ, ಎಂಟನೇ ಕ್ಲಾಸಿನದು. ಕಷ್ಟ ಇರೋದು ಒಂದೇ ಪದದಲ್ಲಿ: ಬುಟ್ಟಿ "ಸ್ಥಿರ". ಬೆಲೆ ಎಷ್ಟು ಬದಲಾದರೂ ನೀವು 2011-12ರಲ್ಲಿ ಕೊಂಡದ್ದನ್ನೇ, ಕೊಂಡಷ್ಟೇ ಕೊಳ್ತಿದ್ದೀರಿ ಅಂತ ಸೂಚ್ಯಂಕ ನಂಬುತ್ತೆ.

ಈ ನಂಬಿಕೆ ಎಲ್ಲಿ ಕೈ ಕೊಡುತ್ತೆ ಅನ್ನೋದಕ್ಕೆ 2023ರ ಜುಲೈಗಿಂತ ಒಳ್ಳೆ ಉದಾಹರಣೆ ಬೇಡ. ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟಿಗೆ ಹಿಂದೆಂದೂ ಕಾಣದ ಬೆಲೆ ಬಂದ ತಿಂಗಳು ಅದು. ಒಂದು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ದೇಶದಲ್ಲಿ ಟೊಮೆಟೊ ಬೆಲೆ ಸುಮಾರು 200 ಪರ್ಸೆಂಟ್ ಏರಿತ್ತು, ಅಂದರೆ ಮೂರು ಪಟ್ಟು. ಆ ತಿಂಗಳ ಒಟ್ಟು ಹಣದುಬ್ಬರ 7.44 ಪರ್ಸೆಂಟ್. ಈಗ ಗುಣಿಸಿ: 57 ಪೈಸೆಯ ತೂಕ, ಅದು ಎರಡು ಪಟ್ಟು ಹೆಚ್ಚಳ. ಒಂದು ರೂಪಾಯಿ ಹದಿನಾಲ್ಕು ಪೈಸೆ ಆಯ್ತು. ಅಂದರೆ ಆ 7.44ರಲ್ಲಿ ಒಂದು ಪರ್ಸೆಂಟಿಗೂ ಹೆಚ್ಚು, ಬರೀ ಒಂದು ತರಕಾರಿಯ ಕೆಲಸ.

ಅದೇ ತಿಂಗಳು ನಿಮ್ಮ ಅಡುಗೆಮನೆಯಲ್ಲಿ ಏನಾಯ್ತು ನೆನಪು ಮಾಡ್ಕೊಳಿ. ಹೋಟೆಲಿನಲ್ಲಿ ಟೊಮೆಟೊ ಬಾತ್ ಮಾಯ ಆಯ್ತು. ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಬಂತು. ಟೊಮೆಟೊ ಬೆಳೆಯುವ ಸೀಮೆಯ ನಮ್ಮ ಮನೆಯಲ್ಲೇ ಅಮ್ಮ ಅಂದದ್ದು, "ಈಗ ಅದು ಮಾರಕ್ಕೆ ಕಣೋ, ತಿನ್ನಕ್ಕಲ್ಲ" ಅಂತ. ಸೂಚ್ಯಂಕಕ್ಕೆ ಹುಣಸೆಹಣ್ಣಿನ ಸಾರು ಗೊತ್ತಿಲ್ಲ.

ಇದನ್ನು ಲೆಕ್ಕದಲ್ಲೇ ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಹಾಕಿದ್ದು. ಒಂದು ಮನೆ ಜೂನಿನಲ್ಲಿ ಕಿಲೋಗೆ 30 ರೂಪಾಯಿಯಂತೆ ನಾಲ್ಕು ಕಿಲೋ ಟೊಮೆಟೊ ಕೊಂಡಿತು, 120 ರೂಪಾಯಿ. ಕಿಲೋಗೆ 200ರ ಹುಣಸೆಹಣ್ಣು ಕಾಲು ಕಿಲೋ, 50 ರೂಪಾಯಿ. ಒಟ್ಟು 170. ಜುಲೈನಲ್ಲಿ ಟೊಮೆಟೊ ಕಿಲೋಗೆ 100 ಆಯ್ತು, ಹುಣಸೆಹಣ್ಣು ಅಷ್ಟೇ ಇತ್ತು. ಸ್ಥಿರ ಬುಟ್ಟಿಯ ಸೂಚ್ಯಂಕ ಹೇಳುತ್ತೆ: ನಾಲ್ಕು ಕಿಲೋ ಟೊಮೆಟೊ 400, ಹುಣಸೆ 50, ಒಟ್ಟು 450. ಹುಳಿಯ ಖರ್ಚು 165 ಪರ್ಸೆಂಟ್ ಏರಿತು!

ಆದರೆ ಆ ಮನೆಯ ಗೃಹಿಣಿಗೆ ತಲೆ ಇದೆ. ಆಕೆ ಒಂದೇ ಕಿಲೋ ಟೊಮೆಟೊ ತಂದು, ಹುಣಸೆಹಣ್ಣನ್ನು ಅರ್ಧ ಕಿಲೋ ಮಾಡಿದರು. 100 ಪ್ಲಸ್ 100, ಇನ್ನೂರು ರೂಪಾಯಿ. ಜೇಬಿನಿಂದ ಹೋಗಿದ್ದು ಬರೀ 30 ರೂಪಾಯಿ ಜಾಸ್ತಿ, 18 ಪರ್ಸೆಂಟ್ ಕೂಡ ಮುಟ್ಟಲಿಲ್ಲ.

ಹಾಗಾದರೆ ನಿಜವಾದ ಏರಿಕೆ 18 ಪರ್ಸೆಂಟಾ? ಅದೂ ಅಲ್ಲ. ಟೊಮೆಟೊ ಸಾರು ಇಷ್ಟಪಡುವವರಿಗೆ ಹುಣಸೆ ಸಾರು ಕುಡಿಸಿದ್ದೂ ಒಂದು ನಷ್ಟವೇ, ಅದು ರಸೀದಿಯಲ್ಲಿ ಕಾಣಲ್ಲ. ಅದಕ್ಕೆ ಅರ್ಥಶಾಸ್ತ್ರಜ್ಞರು ಇನ್ನೊಂದು ಬದಿಯಿಂದ ಅಳೀತಾರೆ: ಜುಲೈನಲ್ಲಿ ಕೊಂಡ ಬುಟ್ಟಿಗೇ ಜೂನಿನ ಬೆಲೆಯಲ್ಲಿ ಎಷ್ಟಾಗ್ತಿತ್ತು? 30 ಪ್ಲಸ್ 100, 130 ರೂಪಾಯಿ. ಅದು 200 ಆಯ್ತು, ಅಂದರೆ 54 ಪರ್ಸೆಂಟ್ ಏರಿಕೆ. ಹಳೇ ಬುಟ್ಟಿಯಲ್ಲಿ ಅಳೆಯುವ 165ಕ್ಕೆ ಲಾಸ್ಪೇರ್ಸ್ ಸೂಚ್ಯಂಕ ಅಂತಾರೆ, ಹೊಸ ಬುಟ್ಟಿಯಲ್ಲಿ ಅಳೆಯುವ 54ಕ್ಕೆ ಪಾಶೆ ಸೂಚ್ಯಂಕ. ಒಂದು ಅತಿ, ಇನ್ನೊಂದು ಮಿತಿ. ನಿಜ ಇರೋದು ಇವೆರಡರ ನಡುವೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಈ ಉದಾಹರಣೆಯಲ್ಲಿ ಸುಮಾರು 102 ಪರ್ಸೆಂಟ್ ಬರುತ್ತೆ. ಅದೂ ದೊಡ್ಡ ಏರಿಕೆಯೇ, ನಾನು ಇಲ್ಲ ಅನ್ನಲ್ಲ. ಆದರೆ ಪತ್ರಿಕೆಯಲ್ಲಿ ಬರೋದು ಅತಿಯ ಕಡೆಯ ಸಂಖ್ಯೆ.

ನಮ್ಮ ಅಂಕಿಅಂಶದವರಿಗೆ ಇದು ತಿಳಿಯದ್ದೇನಲ್ಲ. ಒಂದೇ ವಸ್ತುವಿನ ಬೇರೆ ಬೇರೆ ಅಂಗಡಿಗಳ ಬೆಲೆಯನ್ನು ಕೂಡಿಸುವಾಗ 2012ರ ಸರಣಿಯಲ್ಲಿ ಮಾಮೂಲಿ ಸರಾಸರಿ ಬಿಟ್ಟು ಗುಣೋತ್ತರ ಸರಾಸರಿ ಬಳಸಿದರು. ಜನ ದುಬಾರಿ ಅಂಗಡಿ ಬಿಟ್ಟು ಅಗ್ಗದ ಅಂಗಡಿಗೆ ಹೋಗ್ತಾರೆ ಅನ್ನೋದಕ್ಕೆ ಅದು ಸ್ವಲ್ಪ ಜಾಗ ಕೊಡುತ್ತೆ. ಆದರೆ ಟೊಮೆಟೊ ಬಿಟ್ಟು ಹುಣಸೆಗೆ ಹೋಗೋದು ವಸ್ತುವಿನಿಂದ ವಸ್ತುವಿಗೆ ಜಿಗಿತ. ಅಲ್ಲಿ ತೂಕ ಕಲ್ಲಿನ ಹಾಗೆ ಕೂತಿರುತ್ತೆ. ಅಮೆರಿಕದಲ್ಲಿ 1996ರಲ್ಲಿ ಮೈಕೆಲ್ ಬಾಸ್ಕಿನ್ ಅಧ್ಯಕ್ಷತೆಯ ಆಯೋಗ ಇದನ್ನೇ ಲೆಕ್ಕ ಹಾಕಿ, ಅಲ್ಲಿನ ಸಿಪಿಐ ವರ್ಷಕ್ಕೆ ಸುಮಾರು 1.1 ಪರ್ಸೆಂಟ್ ಜಾಸ್ತಿ ತೋರಿಸ್ತಿದೆ ಅಂತ ವರದಿ ಕೊಟ್ಟಿತ್ತು. ಅದರಲ್ಲಿ 0.4 ಈ ತರಹದ ಜಿಗಿತವನ್ನು ಲೆಕ್ಕಕ್ಕೆ ತಗೊಳ್ಳದ್ದರಿಂದ, 0.6 ಹೊಸ ವಸ್ತುಗಳನ್ನು ಮತ್ತು ಗುಣಮಟ್ಟ ಸುಧಾರಿಸಿದ್ದನ್ನು ಸರಿಯಾಗಿ ಹಿಡಿಯದ್ದರಿಂದ.

ಹೊಸ ವಸ್ತು ಅಂದಾಗ ನಿಮ್ಮ ಕೈಯಲ್ಲಿರೋ ಫೋನನ್ನೇ ನೋಡಿ. 2016ರ ನಂತರ ಮೊಬೈಲ್ ಡೇಟಾ ಒಂದು ಜಿಬಿಗೆ ನೂರಾರು ರೂಪಾಯಿಯಿಂದ ಹತ್ತು ರೂಪಾಯಿ ಆಸುಪಾಸಿಗೆ ಬಿತ್ತು. ಆದರೆ ನಮ್ಮ ತೂಕ 2011-12ರದ್ದು, ಆಗ ಡೇಟಾ ಕೊಳ್ಳುವವರು ಎಷ್ಟು ಜನ ಇದ್ರು? ಬೆಲೆ ಬಿದ್ದಾಗ ವಸ್ತುವಿಗೆ ಬುಟ್ಟಿಯಲ್ಲಿದ್ದದ್ದು ಹಳೇ ಕಾಲದ ಪುಟ್ಟ ಜಾಗ. ಅದೇ ಬುಟ್ಟಿಯಲ್ಲಿ ಡಿವಿಡಿ ಪ್ಲೇಯರಿಗೆ ಮಾತ್ರ ಸೀಟು ಕಾಯಂ.

ಎರಡನೇ ಕಥೆ ಇದಕ್ಕಿಂತ ವಿಚಿತ್ರ, ಇದರಲ್ಲಿ ಯಾರ ಜೇಬಿನಿಂದಲೂ ಒಂದು ರೂಪಾಯಿ ಹೊಸದಾಗಿ ಹೋಗಿಲ್ಲ. 2017ರ ಜುಲೈನಲ್ಲಿ ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಹೆಚ್ಚಾಯ್ತು. ಸಿಪಿಐನಲ್ಲಿ ಬಾಡಿಗೆ ಲೆಕ್ಕ ಮಾಡುವಾಗ ಸರ್ಕಾರಿ ಕ್ವಾರ್ಟರ್ಸುಗಳೂ ಸೇರ್ತಿದ್ದವು. ಕ್ವಾರ್ಟರ್ಸಿನಲ್ಲಿರುವವರು ಭತ್ಯೆ ಬಿಟ್ಟುಕೊಡ್ತಾರಲ್ಲ, ಆ ಬಿಟ್ಟ ಭತ್ಯೆಯೂ ಅವರು ಕಟ್ಟುವ "ಬಾಡಿಗೆ"ಯ ಭಾಗ ಅಂತ ಲೆಕ್ಕ. ಭತ್ಯೆ ಏರಿತು, ಹಾಗಾಗಿ ಕಾಗದದ ಮೇಲೆ ಬಾಡಿಗೆಯೂ ಏರಿತು. ಕ್ವಾರ್ಟರ್ಸ್ ಅದೇ, ಗೋಡೆಯ ತೇವ ಅದೇ, ಆದರೆ ದೇಶದ ಹಣದುಬ್ಬರ ಮೇಲೆ ಹೋಯ್ತು. 2017ರ ಡಿಸೆಂಬರಿನಲ್ಲಿ ಹಣದುಬ್ಬರ 5.2 ಪರ್ಸೆಂಟ್ ಅಂತ ಬಂದಾಗ ರಿಸರ್ವ್ ಬ್ಯಾಂಕೇ, ಈ ಭತ್ಯೆಯ ಪರಿಣಾಮ ತೆಗೆದರೆ 4.9 ಅಂತ ಪಕ್ಕದಲ್ಲಿ ಬರೆಯಬೇಕಾಯ್ತು.

ಈಗ ಮೂರನೇ ಮಾತು, ನನಗೆ ನಿಜಕ್ಕೂ ಸಿಟ್ಟು ಬರಿಸುವ ಮಾತು: ತೂಕದ ವಯಸ್ಸು. ಆದಾಯ ಏರಿದ ಹಾಗೆ ಊಟಕ್ಕೆ ಹೋಗುವ ಪಾಲು ಇಳಿಯುತ್ತೆ. ಅನ್ನ ಎರಡು ಪಟ್ಟು ಉಣ್ಣಕ್ಕಾಗಲ್ಲ, ಆದರೆ ಬೈಕು, ಫೋನು, ಟ್ಯೂಷನ್ನು ಬರ್ತವೆ. ಹಳ್ಳಿ ಬುಟ್ಟಿಯಲ್ಲಿ ಅಕ್ಕಿ, ರಾಗಿ, ಗೋಧಿ ಮುಂತಾದ ಧಾನ್ಯಗಳ ತೂಕ 12ಕ್ಕೂ ಮೇಲಿತ್ತು. 2022-23ರ ಸಮೀಕ್ಷೆಯಲ್ಲಿ ಹಳ್ಳಿಯ ಕುಟುಂಬ ದುಡ್ಡು ಕೊಟ್ಟು ಧಾನ್ಯ ಕೊಂಡದ್ದು ಖರ್ಚಿನಲ್ಲಿ 5 ಪರ್ಸೆಂಟ್ ಕೂಡ ಇರಲಿಲ್ಲ. ಪುಕ್ಕಟೆ ಪಡಿತರದ್ದೂ ಅದರಲ್ಲಿ ಪಾತ್ರ ಇದೆ, ಸರಿ. ಆದರೂ ಬುಟ್ಟಿ ಮಾತ್ರ ಹದಿಮೂರು ವರ್ಷ ಹಳೇ ಜಾತಕ ಹಿಡ್ಕೊಂಡು ಕೂತಿತ್ತು.

ಯಾಕೆ ಬದಲಾಗಲಿಲ್ಲ ಗೊತ್ತಾ? ನಡುವೆ 2017-18ರಲ್ಲಿ ಒಂದು ಸಮೀಕ್ಷೆ ಆಗಿತ್ತು. 2019ರ ನವೆಂಬರಿನಲ್ಲಿ ಸರ್ಕಾರ, ದತ್ತಾಂಶದ ಗುಣಮಟ್ಟ ಸರಿಯಿಲ್ಲ ಅಂತ ಹೇಳಿ ಅದನ್ನು ಪ್ರಕಟಿಸದೇ ಬಿಟ್ಟಿತು. ಅದಕ್ಕೂ ಮೊದಲೇ ಸೋರಿದ್ದ ವರದಿಯಲ್ಲಿ ಜನರ ಖರ್ಚು ಇಳಿದಿದೆ ಅಂತ ಪತ್ರಿಕೆಯಲ್ಲಿ ಬಂದಿತ್ತು. ಸಮೀಕ್ಷೆ ಹೋಯ್ತು, ಅದರ ಜೊತೆಗೆ ಹೊಸ ತೂಕದ ಅವಕಾಶವೂ ಹೋಯ್ತು. ಮುಂದಿನ ಸಮೀಕ್ಷೆ ನಡೆದು ಪ್ರಕಟವಾಗಿ, 2024ನ್ನು ಆಧಾರ ವರ್ಷ ಮಾಡಿಕೊಂಡ ಹೊಸ ಸರಣಿ ಬಂದಿದ್ದು 2026ರ ಫೆಬ್ರವರಿಯಲ್ಲಿ. ಅದರಲ್ಲಿ ಊಟ-ಪಾನೀಯದ ತೂಕ ಸುಮಾರು 46ರಿಂದ ಸುಮಾರು 37ಕ್ಕೆ ಇಳಿಯಿತು. ಒಂಬತ್ತು ರೂಪಾಯಿ ನೂರಕ್ಕೆ! ಇದೇನು ಒಂದು ರಾತ್ರಿಯಲ್ಲಿ ಆದ ಬದಲಾವಣೆಯಾ? ವರ್ಷಾನುವರ್ಷ ಜಾರುತ್ತಾ ಬಂದದ್ದು. ನಾವು ನೋಡಲಿಲ್ಲ, ಅಷ್ಟೇ.

ಆ ಒಂಬತ್ತು ರೂಪಾಯಿಯ ತಾಕತ್ತು ಎಷ್ಟು ಅಂತ 2024ರ ಅಕ್ಟೋಬರಿನಲ್ಲಿ ನೋಡಿ. ತರಕಾರಿ ಬೆಲೆ ವರ್ಷದ ಹಿಂದಿಗಿಂತ 42 ಪರ್ಸೆಂಟ್ ಮೇಲಿತ್ತು. ಊಟ-ಪಾನೀಯದ ಗುಂಪು ಒಟ್ಟಾಗಿ 9.69. ಒಟ್ಟು ಹಣದುಬ್ಬರ 6.21. ರಿಸರ್ವ್ ಬ್ಯಾಂಕಿಗೆ ಕಾನೂನು ಕೊಟ್ಟಿರುವ ಗುರಿ 4, ಎರಡು ಕಡೆಗೂ 2ರ ರಿಯಾಯಿತಿ. ಅಂದರೆ ಮೇಲಿನ ಗೆರೆ 6. ಗೆರೆ ದಾಟಿತು.

ಈಗ ಒರಟು ಲೆಕ್ಕ ಹಾಕಿ. ಊಟದ 9.69ನ್ನು 46 ಪರ್ಸೆಂಟ್ ತೂಕದಿಂದ ಗುಣಿಸಿದರೆ ಸುಮಾರು 4.4. ಉಳಿದ 1.8 ಬಂದದ್ದು ಬಾಕಿ 54 ರೂಪಾಯಿಯ ವಸ್ತುಗಳಿಂದ. ಅಂದರೆ ಊಟ ಬಿಟ್ಟು ಉಳಿದ ಬೆಲೆಗಳು ಏರ್ತಿದ್ದದ್ದು ಬರೀ 3.3ರ ಹತ್ತಿರ. ಇದೇ ಬೆಲೆಗಳನ್ನು ಹೊಸ ತೂಕಕ್ಕೆ ಹಾಕಿ: ಊಟಕ್ಕೆ 37, ಉಳಿದದ್ದಕ್ಕೆ 63. ಉತ್ತರ 5.6ರ ಆಸುಪಾಸು. ಅದೇ ಅಂಗಡಿ, ಅದೇ ಬೆಲೆ, ಅದೇ ತಿಂಗಳು. ತೂಕ ಬದಲಾದರೆ ಗೆರೆಯ ಒಳಗೆ.

"ಅರ್ಧ ಪರ್ಸೆಂಟ್ ತಾನೇ" ಅನ್ಬೇಡಿ. 2024ರ ಡಿಸೆಂಬರ್ ಮೊದಲ ವಾರದಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಕೂತಿತ್ತು. ಆರ್ಥಿಕ ಬೆಳವಣಿಗೆ ಕುಸಿದ ಅಂಕಿ ಆಗತಾನೇ ಬಂದಿತ್ತು. ಆದರೂ ರೆಪೊ ದರ 6.5ರಲ್ಲೇ ಉಳೀತು, ಎದುರಿಗೆ ಈ 6.2 ಕೂತಿತ್ತು. ದರ ಇಳಿದದ್ದು 2025ರ ಫೆಬ್ರವರಿಯಲ್ಲಿ, ಕಾಲು ಪರ್ಸೆಂಟ್. ನಿಮ್ಮ ಮನೆ ಸಾಲ ರೆಪೊಗೆ ಗಂಟು ಹಾಕಿದ್ದಾದರೆ, 50 ಲಕ್ಷಕ್ಕೆ, 20 ವರ್ಷಕ್ಕೆ, ಬಡ್ಡಿ 9ರಿಂದ 8.75ಕ್ಕೆ ಇಳಿದರೆ ಕಂತಿನಲ್ಲಿ ತಿಂಗಳಿಗೆ 800 ರೂಪಾಯಿ ವ್ಯತ್ಯಾಸ. ಸಮಿತಿ ಬರೀ ಒಂದು ಸಂಖ್ಯೆ ನೋಡಿ ತೀರ್ಮಾನ ಮಾಡಲ್ಲ, ನಿಜ. ಆದರೆ ಬಡ್ಡಿ ಏರಿಸಿದರೆ ಟೊಮೆಟೊ ಗಿಡ ಬೇಗ ಹಣ್ಣು ಬಿಡಲ್ಲ ಅನ್ನೋದೂ ಅಷ್ಟೇ ನಿಜ. 2024ರ ಜುಲೈನಲ್ಲಿ ಬಂದ ಆರ್ಥಿಕ ಸಮೀಕ್ಷೆಯೇ, ಊಟವನ್ನು ಹೊರಗಿಟ್ಟು ಹಣದುಬ್ಬರದ ಗುರಿ ಇಡುವ ಬಗ್ಗೆ ಯೋಚಿಸಿ ಅಂತ ಹೇಳಿತ್ತು.

ನಿಮ್ಮ 800 ರೂಪಾಯಿ ಹಾಗಿರಲಿ. ಸೂಚ್ಯಂಕ ಕೂಗಿಕೊಂಡಾಗ ಸರ್ಕಾರದ ಕೈ ಮೊದಲು ಬೀಳೋದು ರೈತನ ಮೇಲೆ. 2023ರ ಜುಲೈ 20ಕ್ಕೆ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧ. ಆಗಸ್ಟಿನಲ್ಲಿ ಈರುಳ್ಳಿ ರಫ್ತಿಗೆ 40 ಪರ್ಸೆಂಟ್ ಸುಂಕ. ಡಿಸೆಂಬರಿನಲ್ಲಿ ಈರುಳ್ಳಿ ರಫ್ತೇ ಬಂದ್. ಬೆಲೆ ಬಿದ್ದಾಗ ಟೊಮೆಟೊವನ್ನು ರಸ್ತೆಗೆ ಸುರಿಯೋದು ನಮ್ಮೂರಿನವರು, ಬೆಲೆ ಎದ್ದಾಗ ಬಾಗಿಲು ಹಾಕಿಸಿಕೊಳ್ಳೋರೂ ಅವರೇ. ಮೇಲೆ ಹೋಗುವ ಬೆಲೆಗೆ ಹಳೇ ತೂಕದ ಭೂತಗನ್ನಡಿ ಹಿಡಿದು, "ಅಯ್ಯೋ ಬೆಂಕಿ" ಅಂತ ಕೂಗಿ, ಆಮೇಲೆ ನೀರನ್ನು ರೈತನ ಹೊಲದ ಮೇಲೆ ಸುರಿಯೋದು ಯಾವ ನ್ಯಾಯ?

ಇದಕ್ಕೆ ಎರಡು ಆಕ್ಷೇಪ ಬರುತ್ತೆ, ಎರಡಕ್ಕೂ ಉತ್ತರ ಕೊಡ್ತೀನಿ. ಒಂದು: "ಹಳೇ ತೂಕ ಯಾವಾಗಲೂ ಜಾಸ್ತಿಯೇ ತೋರಿಸಲ್ಲ." ನೂರಕ್ಕೆ ನೂರು ಒಪ್ಪಿದೆ. ಊಟದ ಬೆಲೆ ಇಳಿದಾಗ ಅದೇ ಭೂತಗನ್ನಡಿ ಕೆಳಗೂ ಎಳೆಯುತ್ತೆ. 2025ರ ಅಕ್ಟೋಬರಿನಲ್ಲಿ ಹಣದುಬ್ಬರ 0.25 ಅಂತ ಬಂತಲ್ಲ, ಅದರಲ್ಲೂ ಇದೇ ಕೈವಾಡ. ಆದರೆ ಬುಟ್ಟಿ ಸ್ಥಿರ ಅನ್ನುವ ದೋಷ ಹಾಗಲ್ಲ, ಜನ ದುಬಾರಿಯದನ್ನು ಬಿಟ್ಟು ಅಗ್ಗದ್ದಕ್ಕೆ ಹೋಗುವವರೆಗೆ ಅದು ಮೇಲಕ್ಕೇ ತಳ್ಳುತ್ತೆ. ಇನ್ನು ಬಡವರ ಬುಟ್ಟಿಯಲ್ಲಿ ಊಟದ ಪಾಲು ಈಗಲೂ ದೊಡ್ಡದೇ. ಅವರ ಕೂಲಿ ನಿರ್ಧರಿಸಲು ಬೇರೆ ಸೂಚ್ಯಂಕ ಇದೆ, ಇರಬೇಕು ಕೂಡ. ಆ ಕೃಷಿ ಕಾರ್ಮಿಕರ ಸೂಚ್ಯಂಕ 1986-87ರ ಆಧಾರದ ಮೇಲೆ 2025ರವರೆಗೆ ನಡೀತು ಅನ್ನೋದು ಇನ್ನೊಂದು ನಾಚಿಕೆಗೇಡು.

ಎರಡನೇ ಆಕ್ಷೇಪ ನಿಮ್ಮದೇ: "ನನ್ನ ಖರ್ಚು ವರ್ಷಕ್ಕೆ 12 ಪರ್ಸೆಂಟ್ ಏರ್ತಿದೆ, ಸಿಪಿಐ ಐದು ಅಂದರೆ ನಂಬಲಾ?" ಸ್ವಾಮಿ, ಖರ್ಚು ಏರುವುದು ಬೇರೆ, ಬೆಲೆ ಏರುವುದು ಬೇರೆ. ಒಂದು ಬೆಡ್‌ರೂಮಿನಿಂದ ಎರಡಕ್ಕೆ ಹೋದದ್ದು, ಮಾಮೂಲಿ ಸ್ಕೂಲಿನಿಂದ ಇಂಟರ್‌ನ್ಯಾಷನಲ್ಲಿಗೆ ಹೋದದ್ದು ಹಣದುಬ್ಬರ ಅಲ್ಲ, ಅದಕ್ಕೆ ಬಡ್ತಿ ಅಂತಾರೆ. ನಿಮ್ಮ ಹೊಸ ಕರಾರಿನ ಬಾಡಿಗೆ ನಿಜಕ್ಕೂ ಏರಿದೆ. ಆದರೆ 2012ರ ಸರಣಿಯ ಸಿಪಿಐ ಒಂದೊಂದು ಮನೆಯನ್ನು ಆರು ತಿಂಗಳಿಗೊಮ್ಮೆ ನೋಡಿ, ಹಳೇ ಬಾಡಿಗೆದಾರರನ್ನೂ ಸೇರಿಸಿ ಸರಾಸರಿ ತೆಗೀತಿತ್ತು. ಮನೆ ಬದಲಾಯಿಸಿದ ವರ್ಷ ನಿಮಗೆ ಬಿದ್ದ ಪೆಟ್ಟು, ಬದಲಾಯಿಸದ ನೂರಾರು ಜನರ ನಡುವೆ ಕರಗಿಹೋಗುತ್ತೆ. ಅದು ಮೋಸ ಅಲ್ಲ, ಸರಾಸರಿ. ನಿಮ್ಮ ಬುಟ್ಟಿ ಬೇಕಾದರೆ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಅದೇ ವಸ್ತು, ಅದೇ ಅಳತೆ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ. ಎಕ್ಸೆಲ್ ಶೀಟ್ ಸಾಕು.

ಹಾಗಾದರೆ ಕೇಳಬೇಕಾದ್ದು ಏನು? "ಸಂಖ್ಯೆ ಸುಳ್ಳು" ಅಂತ ಕೂಗೋದನ್ನು ಬಿಟ್ಟು, "ತೂಕ ಯಾವ ವರ್ಷದ್ದು?" ಅಂತ ಕೇಳಬೇಕು. ಬ್ರಿಟನ್ನಿನವರು ತೂಕವನ್ನು ವರ್ಷವರ್ಷ ಬದಲಾಯಿಸ್ತಾರೆ. ಅಮೆರಿಕದವರೂ 2023ರಿಂದ ವರ್ಷಕ್ಕೊಮ್ಮೆ ಮಾಡ್ತಾರೆ, ಜೊತೆಗೆ ಜನ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಜಿಗಿಯುವುದನ್ನು ಲೆಕ್ಕಕ್ಕೆ ತಗೊಳ್ಳುವ ಇನ್ನೊಂದು ಸೂಚ್ಯಂಕವನ್ನು 2002ರಿಂದಲೇ ಪಕ್ಕದಲ್ಲಿ ಪ್ರಕಟಿಸ್ತಿದ್ದಾರೆ. ನಾವು 2022-23, 2023-24 ಎರಡೂ ವರ್ಷ ಬೆನ್ನುಬೆನ್ನಿಗೆ ಖರ್ಚಿನ ಸಮೀಕ್ಷೆ ಮಾಡಿ ತೋರಿಸಿದ್ದೇವೆ. ನಮ್ಮ ಕೈಲಾಗಲ್ಲ ಅನ್ನೋ ಮಾತು ಬರಲ್ಲ.

ಹೊಸ ಸರಣಿ ಬಂದಿದೆ, ಒಳ್ಳೇದು. ಆದರೆ ಅದೂ ಇವತ್ತಿನಿಂದಲೇ ಹಳೇದಾಗ್ತಿದೆ. ಮುಂದಿನ ಸಮೀಕ್ಷೆ ಯಾರಿಗೋ ಮುಜುಗರ ತಂದಿತು ಅಂತ ಕಪಾಟು ಸೇರಿದರೆ, 2035ರಲ್ಲೂ ನಾವು 2024ರ ತಕ್ಕಡಿಯಲ್ಲೇ ತೂಗ್ತಿರ್ತೀವಿ. ಆಗಲೂ ಒಂದು ಕೆಟ್ಟ ಮಳೆಗಾಲಕ್ಕೆ ಟೊಮೆಟೊ ಕೆಂಪಾಗುತ್ತೆ, ಸಂಖ್ಯೆ ಕೆಂಪಾಗುತ್ತೆ, ನಿಮ್ಮ ಕಂತು ಅಲ್ಲೇ ನಿಲ್ಲುತ್ತೆ, ಬಂದರಿನಲ್ಲಿ ಈರುಳ್ಳಿ ಕೊಳೆಯುತ್ತೆ. ಅದಕ್ಕೇ ಹೇಳೋದು, ಸಂಖ್ಯೆಯ ಮೇಲೆ ಜೋಕು ಮಾಡೋ ಮೊದಲು ತಕ್ಕಡಿಯ ಕಲ್ಲು ಯಾವ ಕಾಲದ್ದು ಅಂತ ಕೇಳಿ. ಸಂತೆಯಲ್ಲಿ ನಮ್ಮೂರ ಹೆಂಗಸರು ಮೊದಲು ಕೇಳೋದೂ ಅದನ್ನೇ.